ನಾನು ಬ್ಲಾಕ್ ಮಾಡಿದೆನೋ, ಬ್ಯಾಂಕು ಮಾಡಿತೋ

ಅಕ್ಟೋಬರ್ ತಿಂಗಳ ಒಂದು ರಾತ್ರಿ ಹನ್ನೊಂದೂವರೆಗೆ ನನ್ನ ಫೋನು ಹೊಡೆದುಕೊಂಡಿತು. ಸ್ಪೇನಿನ ವಲೆನ್ಸಿಯಾದಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು. ಅಲ್ಲಿ ಆಗ ರಾತ್ರಿ ಎಂಟು. "ದೊಡ್ಡಮ್ಮ, ನನ್ನ ಕಾರ್ಡು ಬ್ಲಾಕ್ ಆಗಿದೆ. ಬ್ಯಾಂಕಿಗೆ ಬರೆದೆ. ಅವರು ಏನೇನೋ ಉತ್ತರ ಕೊಡುತ್ತಿದ್ದಾರೆ" ಎಂದಳು. ದನಿ ನಡುಗುತ್ತಿತ್ತು. ಅಂಗಡಿಯಲ್ಲಿ ಅಕ್ಕಿ, ಹಾಲು, ತರಕಾರಿ ತುಂಬಿದ ಬುಟ್ಟಿಯನ್ನು ಕೌಂಟರಿನಲ್ಲೇ ಬಿಟ್ಟು ರೂಮಿಗೆ ಬಂದಿದ್ದಳು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರಂತೆ.

ನಾನು ಅದೇ ಊರಿನಲ್ಲಿ ಒಂಬತ್ತು ವರ್ಷ ಒಂದು ಸಣ್ಣ ಕಂಪನಿಯ ಲೆಕ್ಕಪತ್ರ ನೋಡಿಕೊಂಡವಳು. ನನಗೆ ಬರುವ ಸ್ಪ್ಯಾನಿಷ್ ಬಹುಪಾಲು ಬ್ಯಾಂಕಿನ ಕಾಗದಗಳಿಂದಲೇ ಕಲಿತದ್ದು. ಹಾಗಾಗಿ ಅವಳಿಗೆ ಮೊದಲು ನೆನಪಾದದ್ದು ನಾನು. ಅವಳಿಗೆ ಬಂದ ನೋಟಿಸು, ಫೋನು ಮಾಡಿಕೊಟ್ಟ ಕನ್ನಡ ಅನುವಾದ, ಅವಳು ಬ್ಯಾಂಕಿಗೆ ಬರೆದ ಸಂದೇಶ, ಅದಕ್ಕೆ ಬಂದ ಉತ್ತರ, ಈ ನಾಲ್ಕನ್ನೂ ಆ ರಾತ್ರಿ ಪಕ್ಕಪಕ್ಕದಲ್ಲಿಟ್ಟು ಓದಿದೆವು. ಪರದೇಶದಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಈಗ ಬಹಳ. ಹಾಗಾಗಿ ಆ ರಾತ್ರಿ ಏನೇನು ಗೊತ್ತಾಯಿತು ಎಂಬುದನ್ನು ನಿಮಗೂ ಹೇಳಬೇಕೆನಿಸಿತು.

ನಾನು ಕೇಳಿದ ಮೊದಲ ಪ್ರಶ್ನೆ, "ನೋಟಿಸು ನಿನಗೆ ಕಂಡದ್ದು ಎಲ್ಲಿ? ಮೆಸೇಜಿನಲ್ಲೋ, ಆ್ಯಪ್ ಒಳಗೋ?" ಎಂದು. ಸ್ಪೇನಿನಲ್ಲಿ "ನಿಮ್ಮ ಕಾರ್ಡ್ ಬ್ಲಾಕ್ ಆಗಿದೆ, ಈ ಲಿಂಕ್ ಒತ್ತಿ" ಎಂಬ ಎಸ್ಸೆಮ್ಮೆಸ್ಸು ಮೋಸಗಾರರ ಹಳೆಯ ಬಲೆ. ಕಳುಹಿಸಿದವರ ಹೆಸರಿನ ಜಾಗದಲ್ಲಿ ಬ್ಯಾಂಕಿನ ಹೆಸರನ್ನೇ ಬರುವಂತೆ ಮಾಡಬಲ್ಲರು. ಆಗ ಅದು ಬ್ಯಾಂಕಿನ ನಿಜವಾದ ಹಳೆಯ ಮೆಸೇಜುಗಳ ಕೆಳಗೇ ಹೋಗಿ ಕೂರುತ್ತದೆ. ಅನುವಾದದಿಂದ ಆಗುವ ಒಂದು ದೊಡ್ಡ ಅಪಾಯವೂ ಇಲ್ಲೇ ಇದೆ. ಕಳ್ಳ ಮೆಸೇಜಿನ ಸ್ಪ್ಯಾನಿಷ್ ಅನೇಕ ಸಲ ಹದಗೆಟ್ಟಿರುತ್ತದೆ. ಅಕ್ಷರದ ಮೇಲಿನ ಗೀಟು ಬಿಟ್ಟುಹೋಗಿರುತ್ತದೆ. ವಾಕ್ಯ ಮರ್ಯಾದೆಯ ರೂಪದಲ್ಲಿ ಶುರುವಾಗಿ ಸಲಿಗೆಯ ರೂಪದಲ್ಲಿ ಮುಗಿದಿರುತ್ತದೆ. ಕನ್ನಡದಲ್ಲಿ "ನಿಮ್ಮ ಕಾರ್ಡು ನಿಂತಿದೆ, ಇಲ್ಲಿ ಒತ್ತು" ಎಂದು ಬರೆದರೆ ನಮಗೆ ತಕ್ಷಣ ಎಡವಟ್ಟು ಅನ್ನಿಸುತ್ತದಲ್ಲ, ಹಾಗೆ. ಫೋನಿನ ಅನುವಾದ ಇದನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿಬಿಡುತ್ತದೆ. ಸ್ಪ್ಯಾನಿಷ್ ಬಲ್ಲವನಿಗೆ ಕಾಣುವ ಒರಟು ಕನ್ನಡದಲ್ಲಿ ಓದುವವಳಿಗೆ ಕಾಣುವುದೇ ಇಲ್ಲ. ಆದ್ದರಿಂದ ಭಾಷೆ ನೋಡಿ ಸುಳ್ಳು ನಿಜ ತೂಗಲು ಹೋಗಬಾರದು. ಯಾವ ಲಿಂಕನ್ನೂ ಒತ್ತದೆ, ತಾನೇ ಆ್ಯಪ್ ತೆರೆದು, ಲಾಗಿನ್ ಆಗಿ, ಅದೇ ನೋಟಿಸು ಒಳಗೂ ಇದೆಯೇ ಎಂದು ನೋಡಬೇಕು. ಸಂಶಯವಿದ್ದರೆ ಅಲ್ಲಿ 017 ಎಂಬ ಸಂಖ್ಯೆಗೆ ಕರೆ ಮಾಡಬಹುದು. ಅದು ಸ್ಪೇನಿನ ರಾಷ್ಟ್ರೀಯ ಸೈಬರ್ ಸುರಕ್ಷತಾ ಸಂಸ್ಥೆ ಇನ್ಸಿಬೆ ನಡೆಸುವ ಸಹಾಯವಾಣಿ.

ಇವಳು ನೋಟಿಸನ್ನು ಆ್ಯಪ್ ಒಳಗೇ ಕಂಡಿದ್ದಳು. ಅಲ್ಲಿಗೆ ಒಂದು ಭಯ ಹೋಯಿತು. ನೋಟಿಸು ಹೀಗಿತ್ತು. ಪರದೆಯಲ್ಲಿದ್ದಂತೆಯೇ ಕೊಡುತ್ತಿದ್ದೇನೆ.

```
Tu tarjeta terminada en 4417 está bloqueada
temporalmente por seguridad. Para desbloquearla:
1. Entra en Tarjetas > Ajustes.
2. Pulsa «Desbloquear».
3. Introduce tu clave de firma.
Si no reconoces el cargo, no la desbloquees
y contacta con nosotros.
```

ಇದರ ಅರ್ಥ ಇಷ್ಟು. "4417 ಅಂಕಿಗಳಿಂದ ಕೊನೆಯಾಗುವ ನಿನ್ನ ಕಾರ್ಡನ್ನು ಭದ್ರತೆಯ ಕಾರಣಕ್ಕೆ ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ. ತಡೆ ತೆಗೆಯಲು, ಕಾರ್ಡುಗಳು ಎಂಬಲ್ಲಿಗೆ ಹೋಗಿ ಸೆಟ್ಟಿಂಗ್ಸ್ ತೆರೆ. ತಡೆ ತೆಗೆ ಎಂಬುದನ್ನು ಒತ್ತು. ನಿನ್ನ ಸಹಿಯ ಗುಪ್ತಸಂಖ್ಯೆ ಹಾಕು. ಆ ಖರ್ಚು ನಿನ್ನದಲ್ಲವಾದರೆ ಕಾರ್ಡಿನ ತಡೆ ತೆಗೆಯಬೇಡ, ನಮ್ಮನ್ನು ಸಂಪರ್ಕಿಸು."

ಅವಳ ಫೋನು ಕೊಟ್ಟ ಕನ್ನಡ ಬೇರೆಯೇ ಇತ್ತು. "ನಿಮ್ಮ ಕಾರ್ಡ್ 4417ರಲ್ಲಿ ಮುಗಿದಿದೆ" ಎಂದು ಶುರುವಾಗುತ್ತಿತ್ತು. ತೆರ್ಮಿನಾದಾ ಎಂದರೆ ಮುಗಿದದ್ದು ಎಂಬ ಅರ್ಥವೂ ಇದೆ, ನಿಜ. ಇಲ್ಲಿ ಅದು ಬರೀ ಕೊನೆಯ ನಾಲ್ಕು ಅಂಕಿಗಳನ್ನು ತೋರಿಸುವ ಮಾತು. ಕಾರ್ಡಿನ ಕಥೆಯೇ ಮುಗಿಯಿತು ಎಂದು ಹುಡುಗಿ ಗಾಬರಿಬಿದ್ದದ್ದು ಆ ಒಂದು ಪದದಿಂದ.

ಮುಂದಿನದು ಬ್ಲೊಕೆಆದಾ. ನಾವು ಕನ್ನಡದಲ್ಲಿ ಕಾರ್ಡಿಗೆ ಏನಾದರೂ "ಬ್ಲಾಕ್ ಆಗಿದೆ" ಎನ್ನುತ್ತೇವೆ. ನಾವೇ ಆ್ಯಪಿನಲ್ಲಿ ಆಫ್ ಮಾಡಿದರೂ ಬ್ಲಾಕ್, ಬ್ಯಾಂಕು ತಡೆದರೂ ಬ್ಲಾಕ್, ಕಳೆದುಹೋಗಿ ರದ್ದಾದರೂ ಬ್ಲಾಕ್, ತಪ್ಪು ಪಿನ್ ಹೊಡೆದರೂ ಬ್ಲಾಕ್. ಸ್ಪೇನಿನ ಬ್ಯಾಂಕುಗಳ ಬಳಕೆಯಲ್ಲಿ ಇವಕ್ಕೆ ಬೇರೆ ಬೇರೆ ಪದಗಳಿವೆ. ನೀವೇ ಆಫ್ ಮಾಡಿದ್ದು ಅಪಗಾದಾ, ಅಂದರೆ ದೀಪ ಆರಿಸಿದಂತೆ ಆರಿಸಿದ್ದು. ಮತ್ತೆ ನೀವೇ ಹೊತ್ತಿಸಬಹುದು. ನಮ್ಮಲ್ಲೂ ರಿಸರ್ವ್ ಬ್ಯಾಂಕು 2020ರಲ್ಲಿ ಕೊಟ್ಟ ಆದೇಶದಿಂದ ಕಾರ್ಡುಗಳಿಗೆ ಇಂಥ ಆನ್-ಆಫ್ ಗುಂಡಿ ಬಂದಿದೆಯಲ್ಲ, ಅದೇ. ಬ್ಲೊಕೆಆದಾ ಎಂದರೆ ಸಾಮಾನ್ಯವಾಗಿ ತಡೆಹಿಡಿದದ್ದು. ಅದಕ್ಕೊಂದು ಕಾರಣವಿರುತ್ತದೆ, ಕಾರಣ ತೀರಿದ ಮೇಲೆ ತಡೆ ತೆಗೆಯುತ್ತಾರೆ. ಕಾನ್ಸೆಲಾದಾ ಎಂದರೆ ರದ್ದು. ಅದು ಮತ್ತೆ ಜೀವಕ್ಕೆ ಬರುವುದಿಲ್ಲ, ಹೊಸ ಕಾರ್ಡೇ ಬೇಕು. ಅಂಗಡಿಯ ಯಂತ್ರದಲ್ಲಿ ಬಂದ ದೆನೆಗಾದಾ ಈ ಯಾವುದೂ ಅಲ್ಲ. ಆ ಒಂದು ಪಾವತಿ ಆಗಲಿಲ್ಲ ಎಂದಷ್ಟೇ ಅದರ ಅರ್ಥ. ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಅದೇ ಪದ ಬರಬಹುದು. ಬ್ಯಾಂಕಿಗೆ ಬರೆಯುವಾಗ ಇವುಗಳಲ್ಲಿ ಯಾವ ಪದ ಬಳಸುತ್ತೀರಿ ಎಂಬುದರ ಮೇಲೆ ಆ ಕಡೆ ಕೂತವರು ಯಾವ ಉತ್ತರ ಕೊಡುತ್ತಾರೆ ಎಂಬುದು ನಿಂತಿದೆ.

ಇವಳು ಎಡವಿದ್ದು ಮೂರನೆಯ ಹಂತದಲ್ಲಿ. ಕ್ಲಾಬೆ ದೆ ಫಿರ್ಮಾ ಎಂದಿತ್ತು. ಫೋನು ಅದನ್ನು "ಸಹಿ ಕೀಲಿ" ಎಂದಿತು. ಸಹಿ ಕೀಲಿ ಎಂದರೆ ಏನೆಂದು ಯಾರಿಗೆ ಗೊತ್ತಾಗಬೇಕು? ಎಟಿಎಂ ಪಿನ್ ಇರಬೇಕು ಅಂದುಕೊಂಡು ನಾಲ್ಕು ಅಂಕಿ ಹೊಡೆದಳು. ತಪ್ಪು ಎಂದಿತು. ಬೆರಳು ಜಾರಿತೇನೋ ಎಂದು ಮತ್ತೆ ಹೊಡೆದಳು. ಮೂರನೆಯ ಸಲಕ್ಕೆ ಹೊಸದೊಂದು ನೋಟಿಸು ಬಂತು, ಕ್ಲಾಬೆ ದೆ ಫಿರ್ಮಾ ಬ್ಲೊಕೆಆದಾ ಎಂದು. ಅಲ್ಲಿನ ಅನೇಕ ಬ್ಯಾಂಕುಗಳಲ್ಲಿ ಆ್ಯಪ್ ತೆರೆಯಲು ಒಂದು ಗುಪ್ತಸಂಖ್ಯೆ, ಎಟಿಎಂಗೆ ಒಂದು ಪಿನ್, ಹಣ ಕಳುಹಿಸುವಂಥ ದೊಡ್ಡ ಕೆಲಸಗಳಿಗೆ ಒಪ್ಪಿಗೆ ಕೊಡಲು ಇನ್ನೊಂದು ಗುಪ್ತಸಂಖ್ಯೆ ಇರುತ್ತದೆ. ಕಾಗದದ ಮೇಲೆ ಸಹಿ ಹಾಕುವ ಬದಲು ಆ ಮೂರನೆಯದನ್ನು ಹಾಕುವುದು. ಅದಕ್ಕೇ ಸಹಿಯ ಹೆಸರು. ಕೆಲವು ಬ್ಯಾಂಕುಗಳು ಫಿರ್ಮಾ ಎಲೆಕ್ಟ್ರೋನಿಕಾ ಎನ್ನುತ್ತವೆ. ಖಾತೆ ತೆರೆದ ದಿನ ಅವಳು ಅದನ್ನು ಇಟ್ಟುಕೊಂಡಿದ್ದಳು, ಆಮೇಲೆ ಬಳಸಿಯೇ ಇರಲಿಲ್ಲ, ಮರೆತಿದ್ದಳು.

ಹೀಗೆ ಆ ಹೊತ್ತಿಗೆ ಅವಳ ಬಳಿ ಎರಡು ಬ್ಲಾಕುಗಳಿದ್ದವು. ಒಂದು, ಬೆಳಗ್ಗೆಯಿಂದ ಇದ್ದ ಕಾರ್ಡಿನ ತಡೆ, ಬ್ಯಾಂಕು ಹಾಕಿದ್ದು. ಇನ್ನೊಂದು, ಸಂಜೆ ಅಂಗಡಿಯ ಸಾಲಿನಲ್ಲಿ ಅವಳ ಕೈಯಿಂದಲೇ ಆದ ಸಹಿಸಂಖ್ಯೆಯ ತಡೆ. ಕಾರಣ ಬೇರೆ, ಪರಿಹಾರ ಬೇರೆ. ಅವಳ ಮನಸ್ಸಿನಲ್ಲಿ ಮಾತ್ರ ಎರಡೂ ಸೇರಿ ಒಂದೇ ಗಂಟಾಗಿತ್ತು.

ಆ ಗಂಟನ್ನೇ ಅವಳು ಬ್ಯಾಂಕಿಗೆ ಕಳುಹಿಸಿದ್ದಳು. ಕನ್ನಡದಲ್ಲಿ ಬರೆದು ಫೋನಿನಲ್ಲಿ ಸ್ಪ್ಯಾನಿಷ್ ಮಾಡಿಸಿದ್ದಳು. ಕನ್ನಡ ಹೀಗಿತ್ತು: "ಕಾರ್ಡ್ ಬ್ಲಾಕ್ ಮಾಡಿದೆ. 100 ಯೂರೋ ಹೋಗಿದೆ. ಪಿನ್ ಹಾಕಿದರೂ ಓಪನ್ ಆಗ್ತಿಲ್ಲ. ಏನು ಮಾಡಲಿ?" ಅವಸರದಲ್ಲಿ ನಾವೆಲ್ಲ ಹೀಗೇ ಬರೆಯುತ್ತೇವೆ. ಮನೆಯವರಿಗೆ ಇಷ್ಟು ಸಾಕು. ಆ ಸ್ಪ್ಯಾನಿಷನ್ನು ಓದಿದಾಗ ನಾನು ಒಂದು ಕ್ಷಣ ಸುಮ್ಮನಾದೆ. ಮೊದಲ ವಾಕ್ಯ "ನಾನು ಕಾರ್ಡನ್ನು ಬ್ಲಾಕ್ ಮಾಡಿದ್ದೇನೆ" ಎಂದಾಗಿತ್ತು.

ತಪ್ಪು ಬರೀ ಯಂತ್ರದ್ದಲ್ಲ. "ಮಾಡಿದೆ" ಎಂಬ ನಮ್ಮ ಕ್ರಿಯಾಪದವನ್ನೇ ನೋಡಿ. "ನಾನು ಊಟ ಮಾಡಿದೆ" ಎನ್ನುತ್ತೇವೆ, "ಸರ್ಕಾರ ಆದೇಶ ಮಾಡಿದೆ" ಎಂದೂ ಎನ್ನುತ್ತೇವೆ. ರೂಪ ಒಂದೇ. ಮಾಡಿದವರು ಯಾರು ಎಂದು ಹೇಳುವ ಕೆಲಸ ಕರ್ತೃಪದದ್ದು. ಅದನ್ನು ನಾವು ಸಲೀಸಾಗಿ ಬಿಟ್ಟುಬಿಡುತ್ತೇವೆ, ಕೇಳುವವರಿಗೆ ಸಂದರ್ಭ ಗೊತ್ತಿರುತ್ತದೆ ಎಂಬ ಭರವಸೆಯಲ್ಲಿ. ಸ್ಪ್ಯಾನಿಷಿನಲ್ಲಿ ಕ್ರಿಯಾಪದದಲ್ಲೇ ಯಾರೆಂಬುದನ್ನು ತೋರಿಸಬೇಕು. ಯಂತ್ರ ಯಾರನ್ನಾದರೂ ಆರಿಸಲೇಬೇಕು, "ನಾನು" ಎಂದು ಆರಿಸಿತು. ಅತ್ತ ಬ್ಯಾಂಕಿನವರು ಓದಿದರು. ಗ್ರಾಹಕಿ ತಾನೇ ಕಾರ್ಡು ಆಫ್ ಮಾಡಿಕೊಂಡಿದ್ದಾಳೆ, ಪಿನ್ ಮರೆತಿದ್ದಾಳೆ ಎಂದುಕೊಂಡರು. ಉತ್ತರವೂ ಅದಕ್ಕೆ ತಕ್ಕಂತೆ ಬಂತು: ನೀವೇ ಆಫ್ ಮಾಡಿದ್ದರೆ ಸೆಟ್ಟಿಂಗ್ಸಿನಲ್ಲಿ ಮತ್ತೆ ಆನ್ ಮಾಡಿ, ಪಿನ್ ತೊಂದರೆಗೆ ಎಟಿಎಂಗೆ ಹೋಗಿ, 100 ಯೂರೋ ಖರ್ಚು ನಮ್ಮ ದಾಖಲೆಯಲ್ಲಿ ಎಲ್ಲೂ ಇಲ್ಲ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದಿದ್ದ ಕಾಗದಕ್ಕೆ ಅವರು ಸರಿಯಾಗಿಯೇ ಉತ್ತರಿಸಿದ್ದರು.

ಇನ್ನು ಆ 100 ಯೂರೋ. "ಎಲ್ಲಿ ಕಂಡಿತು ಪುಟ್ಟಿ, ತೋರಿಸು" ಎಂದೆ. ಖಾತೆಯ ವಹಿವಾಟಿನ ಪಟ್ಟಿಯ ಚಿತ್ರ ಕಳುಹಿಸಿದಳು. ಬೆಳಗಿನ ಜಾವ 3 ಗಂಟೆ 12 ನಿಮಿಷಕ್ಕೆ, ಅವಳು ಹೆಸರೇ ಕೇಳಿರದ ಒಂದು ಆನ್‌ಲೈನ್ ಅಂಗಡಿ, ಎದುರಿಗೆ 1,00 €. ನಾವು ಅಲ್ಪವಿರಾಮವನ್ನು ಸಾವಿರ, ಲಕ್ಷ ಬಿಡಿಸಲು ಬಳಸುತ್ತೇವೆ. ಸ್ಪೇನಿನಲ್ಲಿ ಅದು ದಶಮಾಂಶದ ಗುರುತು. ನಮ್ಮ ಚುಕ್ಕಿ ಇರುವಲ್ಲಿ ಅವರ ಅಲ್ಪವಿರಾಮ. ಸಾವಿರ ಬಿಡಿಸಲು ಅವರು ಚುಕ್ಕಿ ಇಡುತ್ತಾರೆ. 1.250,00 ಎಂದರೆ ಸಾವಿರದ ಇನ್ನೂರೈವತ್ತು. ಹಾಗಾಗಿ ಅವಳು ನೂರು ಎಂದು ಓದಿದ್ದು ಒಂದೇ ಒಂದು ಯೂರೋ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ರೆಚಾಥಾದೊ ಎಂದಿತ್ತು. ತಿರಸ್ಕೃತ. ಅಂದರೆ ಆ ಒಂದು ಯೂರೋ ಕೂಡ ಹೋಗಿರಲಿಲ್ಲ. ಬ್ಯಾಂಕಿನವರು 100 ಹುಡುಕಿದರೆ ಸಿಗುವುದಾದರೂ ಹೇಗೆ?

ಒಂದು ಯೂರೋ ಅಲ್ಲವೇ ಎಂದು ಅವಳಿಗೆ ನಗು ಬಂತು. ನನಗೆ ಆಗಲೇ ಹೆಚ್ಚು ಆತಂಕವಾದದ್ದು. ಕದ್ದ ಕಾರ್ಡ್ ಸಂಖ್ಯೆಗಳನ್ನು ಇಟ್ಟುಕೊಂಡವರು ಮೊದಲು ಸಣ್ಣ ಮೊತ್ತ ಎಳೆದು ನೋಡುತ್ತಾರೆ, ಕಾರ್ಡು ಜೀವಂತವಾಗಿದೆಯೇ ಎಂದು. ಸಣ್ಣದು ದಾಟಿದರೆ ದೊಡ್ಡದಕ್ಕೆ ಕೈ ಹಾಕುತ್ತಾರೆ. ಬ್ಯಾಂಕಿನ ಯಂತ್ರ ಅದನ್ನು ಗುರುತಿಸಿ ತಡೆದಿತ್ತು. "ಭದ್ರತೆಯ ಕಾರಣಕ್ಕೆ" ಎಂದು ನೋಟಿಸಿನಲ್ಲಿದ್ದದ್ದು ಇದೇ. ಈಗ ನೋಟಿಸಿನ ಕೊನೆಯ ಸಾಲಿಗೆ ಬನ್ನಿ. ಅವಳು ಅದನ್ನು ಓದಿಯೇ ಇರಲಿಲ್ಲ. ಓದಿದ್ದರೂ ಉಪಯೋಗವಾಗುತ್ತಿರಲಿಲ್ಲ, ಏಕೆಂದರೆ ಫೋನು ಅದನ್ನು "ನೀವು ಸರಕನ್ನು ಗುರುತಿಸದಿದ್ದರೆ ಅದನ್ನು ತೆರೆಯಬೇಡಿ" ಎಂದಿತ್ತು. ಎಲ್ಲಿಯ ಸರಕು? ಕಾರ್ಗೊ ಎಂದರೆ ಹಡಗಿನ ಸರಕು ಎಂಬುದು ಇಂಗ್ಲಿಷಿನ ನೆರಳು. ಬ್ಯಾಂಕಿನ ಸ್ಪ್ಯಾನಿಷಿನಲ್ಲಿ ಕಾರ್ಗೊ ಎಂದರೆ ಖಾತೆಗೆ ಬೀಳುವ ಖರ್ಚು. ಇನ್ನು "ಅದನ್ನು" ಎಂಬುದು. ಕನ್ನಡದ "ಅದನ್ನು" ಸರಕಿಗೂ ಆಗುತ್ತದೆ, ಕಾರ್ಡಿಗೂ ಆಗುತ್ತದೆ. ಸ್ಪ್ಯಾನಿಷಿನಲ್ಲಿ ನಿರ್ಜೀವ ವಸ್ತುಗಳಿಗೂ ಲಿಂಗವಿದೆ. ಕಾರ್ಗೊ ಗಂಡು, ತಾರ್ಹೇತಾ, ಅಂದರೆ ಕಾರ್ಡು, ಹೆಣ್ಣು. ಆ ಸಾಲಿನಲ್ಲಿರುವ "ಲಾ" ಎಂಬ ಒಂದಕ್ಷರ ಹೆಣ್ಣನ್ನು ತೋರಿಸುತ್ತದೆ. ಅಂದರೆ ತೆರೆಯಬಾರದ್ದು ಕಾರ್ಡು. ಇಡೀ ನೋಟಿಸಿನಲ್ಲಿ ಅತ್ಯಂತ ಮುಖ್ಯವಾದ ಸಾಲು ಅದು. ಮೇಲಿನ ಮೂರು ಹಂತಗಳು ಆ ಖರ್ಚು ತಮ್ಮದೇ ಎಂದು ಗೊತ್ತಿರುವವರಿಗೆ. ಇವಳಿಗಲ್ಲ.

ಅವಳು ಅಂಗಡಿಯಲ್ಲಿ ಸರಿಯಾದ ಸಹಿಸಂಖ್ಯೆ ಹಾಕಿಬಿಟ್ಟಿದ್ದರೆ ತಡೆ ತೆರೆದುಕೊಳ್ಳುತ್ತಿತ್ತು, ತರಕಾರಿ ಮನೆಗೆ ಬರುತ್ತಿತ್ತು, ಅದರ ಜೊತೆ ಕಳ್ಳನಿಗೂ ಬಾಗಿಲು ತೆರೆಯುತ್ತಿತ್ತು. ಇದನ್ನು ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಹಾಗಾದರೆ ಈಗ ಏನು ಬರೆಯಲಿ?" ಎಂದಳು. ಬರೆಯುವ ಮುಂಚೆ ಏನು ಬೇಕೆಂದು ತೀರ್ಮಾನಿಸಬೇಕಿತ್ತು. ಮೊದಲ ಸಂದೇಶದಲ್ಲಿ ಅವಳು ಕೇಳಿದ್ದು ತಡೆ ತೆಗೆಯಿರಿ ಎಂದು. ಈಗ ಕೇಳಬೇಕಾದದ್ದು ಅದಕ್ಕೆ ವಿರುದ್ಧ, ಈ ಕಾರ್ಡನ್ನು ತೆರೆಯಬೇಡಿ, ರದ್ದು ಮಾಡಿ ಹೊಸದು ಕೊಡಿ ಎಂದು. ತಡೆ ತೆಗೆಯಬೇಕಾದದ್ದು ಸಹಿಸಂಖ್ಯೆಗೆ ಮಾತ್ರ. ಇಷ್ಟು ಸ್ಪಷ್ಟವಾದ ಮೇಲೆ ಇಬ್ಬರೂ ಸೇರಿ ಬರೆದದ್ದು ಇದು.

```
Hola. Escribo por la tarjeta de débito terminada en 4417.
1. La app dice: «está bloqueada temporalmente por
   seguridad». Yo no la he bloqueado.
2. Hay un intento de cargo de 1,00 € (hoy, 03:12),
   rechazado. No lo reconozco.
   No quiero desbloquear esta tarjeta.
3. Me equivoqué tres veces con la clave. Ahora la app
   dice: «Clave de firma bloqueada».
Pido: cancelar la tarjeta, enviarme una nueva y
recuperar la clave de firma. ¿Qué debo hacer primero?
No hablo bien español. Por favor, usen frases cortas.
```

ಇದರಲ್ಲಿ ಎರಡು ಸಾಲು ಉದ್ಧರಣ ಚಿಹ್ನೆಯೊಳಗಿವೆ. ಅವು ಅನುವಾದವಲ್ಲ, ನೋಟಿಸಿನಿಂದ ಅಕ್ಷರಶಃ ಎತ್ತಿಕೊಂಡವು. ನಾನು ಇದಕ್ಕೆ ಬಹಳ ಬೆಲೆ ಕೊಡುತ್ತೇನೆ. ಸ್ಪ್ಯಾನಿಷಿನಿಂದ ಕನ್ನಡಕ್ಕೆ ಬಂದ ಮಾತನ್ನು ಮತ್ತೆ ಕನ್ನಡದಿಂದ ಸ್ಪ್ಯಾನಿಷಿಗೆ ತಿರುಗಿಸಿದರೆ ಹೋದ ಪದವೇ ಹಿಂದಿರುಗಿ ಬರುವುದಿಲ್ಲ. "ಸಹಿ ಕೀಲಿ" ಎಂಬುದು ಬೀಗದ ಕೈಯಾಗಿ ಬರಬಹುದು, ಪಿನ್ ಆಗಿ ಬರಬಹುದು. ಅನುವಾದ ನಾವು ಅರ್ಥ ಮಾಡಿಕೊಳ್ಳುವುದಕ್ಕೆ ಇರಲಿ. ಬ್ಯಾಂಕಿಗೆ ಅವರ ಮಾತನ್ನೇ ಹಿಂದಕ್ಕೆ ಕೊಡಬೇಕು. ಬ್ಯಾಂಕಿನ ಸಿಬ್ಬಂದಿಗೆ ಆ ಸಾಲು ನೋಡಿದ ಕೂಡಲೇ ಯಾವ ನೋಟಿಸು, ಯಾವ ಬಗೆಯ ತಡೆ ಎಂದು ತಿಳಿಯುತ್ತದೆ. ಆ್ಯಪ್ ಕೆಲವೊಮ್ಮೆ ಅಕ್ಷರ ನಕಲು ಮಾಡಲು ಬಿಡುವುದಿಲ್ಲ. ಆಗ ನೋಡಿಕೊಂಡು ಒಂದೊಂದೇ ಅಕ್ಷರ ಬರೆದುಕೊಳ್ಳಬೇಕು, ಐದು ನಿಮಿಷದ ಕೆಲಸ.

"ಯೊ ನೊ ಲಾ ಎ ಬ್ಲೊಕೆಆದೊ", ಅಂದರೆ ನಾನು ಅದನ್ನು ಬ್ಲಾಕ್ ಮಾಡಿಲ್ಲ. ಈ ಪುಟ್ಟ ವಾಕ್ಯ "ಮಾಡಿದೆ" ಮಾಡಿದ ಎಡವಟ್ಟನ್ನು ಸರಿಪಡಿಸಲು. ಸ್ಪ್ಯಾನಿಷಿನಲ್ಲಿ ಸಾಮಾನ್ಯವಾಗಿ "ನಾನು" ಎಂದು ಬೇರೆ ಹೇಳಬೇಕಿಲ್ಲ. ಇಲ್ಲಿ ಬೇಕೆಂದೇ ಸೇರಿಸಿದೆವು. ಕನ್ನಡದಿಂದ ಅನುವಾದ ಮಾಡಿಸುವವರಿಗೆ ನನ್ನ ಮಾತು ಇದು: ಪ್ರತಿ ವಾಕ್ಯದಲ್ಲೂ "ನಾನು", "ಬ್ಯಾಂಕು", "ಆ್ಯಪ್" ಎಂದು ಕರ್ತೃವನ್ನು ಬರೆಯಿರಿ. ಕನ್ನಡ ಸ್ವಲ್ಪ ಮಕ್ಕಳ ಪಾಠದಂತೆ ಕಾಣುತ್ತದೆ, ಕಾಣಲಿ. "ನಾನು ಕಾರ್ಡನ್ನು ಬ್ಲಾಕ್ ಮಾಡಲಿಲ್ಲ. ಬ್ಯಾಂಕು ಕಾರ್ಡನ್ನು ಬ್ಲಾಕ್ ಮಾಡಿತು" ಎಂದು ಬರೆದರೆ ಯಂತ್ರಕ್ಕೆ ಊಹಿಸಲು ಏನೂ ಉಳಿಯುವುದಿಲ್ಲ.

ಏನು ಬರೆದಿಲ್ಲ ಎಂಬುದನ್ನೂ ನೋಡಿ. ಕಾರ್ಡಿನ ಪೂರ್ತಿ ಸಂಖ್ಯೆ ಇಲ್ಲ, ಕೊನೆಯ ನಾಲ್ಕು ಅಂಕಿ ಮಾತ್ರ. ಹಿಂಬದಿಯ ಮೂರಂಕಿ ಇಲ್ಲ. ಪಿನ್ ಇಲ್ಲ, ಹೊಡೆದ ತಪ್ಪು ಸಂಖ್ಯೆಯೂ ಇಲ್ಲ. ಅವಳು ಮೊದಲು ಕಾರ್ಡಿನ ಫೋಟೋ ಜೊತೆಗಿಡಲು ಹೊರಟಿದ್ದಳು, ನಾನು ಬೇಡ ಎಂದೆ. ನಿಜವಾದ ಸಹಾಯ ವಿಭಾಗ ಪಿನ್ನನ್ನಾಗಲಿ ಹಿಂಬದಿಯ ಮೂರಂಕಿಯನ್ನಾಗಲಿ ಬರೆದು ಕಳುಹಿಸಲು ಕೇಳುವುದಿಲ್ಲ. ಕೇಳಿದವರು ಬ್ಯಾಂಕಿನವರಲ್ಲ ಎಂದೇ ತಿಳಿಯಬೇಕು.

ಸಂದೇಶವನ್ನು ಆ್ಯಪ್ ಒಳಗಿನ ಪೆಟ್ಟಿಗೆಯಿಂದಲೇ ಕಳುಹಿಸಿದಳು. ಜೊತೆಗೆ ಕಾರ್ಡಿನ ಹಿಂದೆ ಅಚ್ಚಾಗಿರುವ ಸಂಖ್ಯೆಗೂ ಕರೆ ಮಾಡು ಎಂದೆ, ಏಕೆಂದರೆ ಗುರುತಿಲ್ಲದ ಖರ್ಚಿನ ವಿಷಯ ಬೆಳಗಿನವರೆಗೆ ಕಾಯಬಾರದು. ಕರೆಯಲ್ಲಿ ಅವಳು ಮಾತಾಡಿದ್ದು ಅದೇ ಕಾಗದ ನೋಡಿಕೊಂಡು, ಸಾಲು ಸಾಲಾಗಿ ಓದಿ. ಆ ಕಡೆಯವರಿಗೆ ಅರ್ಥವಾಯಿತು. ಅರ್ಧ ಗಂಟೆಯೊಳಗೆ ಹಳೆಯ ಕಾರ್ಡು ರದ್ದಾಯಿತು. ಆ್ಯಪಿನಲ್ಲಿ ಬ್ಲೊಕೆಆದಾ ಇದ್ದ ಜಾಗದಲ್ಲಿ ಕಾನ್ಸೆಲಾದಾ ಬಂತು.

ಸಹಿಸಂಖ್ಯೆಯದು ಅಷ್ಟು ಸುಲಭವಾಗಲಿಲ್ಲ. ಆ್ಯಪಿನಲ್ಲೇ ಅದನ್ನು ಹೊಸದಾಗಿ ಇಟ್ಟುಕೊಳ್ಳುವ ದಾರಿಯಿತ್ತು, ಅದಕ್ಕೆ ಮೊಬೈಲಿಗೆ ಬರುವ ಒಟಿಪಿ ಬೇಕು. ಅವಳು ವಲೆನ್ಸಿಯಾಗೆ ಹೋದ ಮೊದಲ ವಾರದಲ್ಲಿ ಖಾತೆ ತೆರೆದಾಗ ಕೊಟ್ಟದ್ದು ಶಿವಮೊಗ್ಗದಲ್ಲಿ ತೆಗೆದುಕೊಂಡ ನಂಬರು. ಆ ಸಿಮ್ಮು ಈಗ ಅವಳ ಪೆಟ್ಟಿಗೆಯ ತಳದಲ್ಲಿ, ರೀಚಾರ್ಜ್ ಇಲ್ಲದೆ ಮಲಗಿತ್ತು. ಒಟಿಪಿ ಬರುವುದು ಹೇಗೆ? "ಮೊದಲು ನಾನೇನು ಮಾಡಬೇಕು" ಎಂದು ಕೇಳಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಶಾಖೆಗೆ ಬನ್ನಿ, ಪಾಸ್‌ಪೋರ್ಟು ಮತ್ತು ವಿದೇಶಿಯರ ಗುರುತಿನ ಕಾರ್ಡು ತನ್ನಿ, ಮೊದಲು ಫೋನ್ ನಂಬರ್ ಬದಲಿಸೋಣ ಎಂದು ಉತ್ತರ ಬಂತು, ನಾವು ಕೇಳಿಕೊಂಡಂತೆ ಸಣ್ಣ ಸಣ್ಣ ವಾಕ್ಯಗಳಲ್ಲಿ. ಪರದೇಶಕ್ಕೆ ಹೋಗಿ ಅಲ್ಲಿನ ಸಿಮ್ಮು ಕೊಂಡ ದಿನವೇ ಬ್ಯಾಂಕಿನಲ್ಲಿ ನಂಬರು ಬದಲಿಸಬೇಕು. ಮಕ್ಕಳಿಗೆ ಇದೊಂದನ್ನು ನೆನಪಿಸಿ. ಮರುದಿನ ಬೆಳಗ್ಗೆಯೇ ಹೋಗು ಎಂದೆ, ಅಲ್ಲಿ ಬಹಳ ಶಾಖೆಗಳು ನಗದು ಕೊಡುವುದು ಬೆಳಗಿನ ಕೆಲವು ಗಂಟೆ ಮಾತ್ರ. ನಂಬರು ಬದಲಾಯಿತು, ಹೊಸ ಸಹಿಸಂಖ್ಯೆ ಬಂತು, ಹೊಸ ಕಾರ್ಡು ಬರುವವರೆಗೆ ಕೈಖರ್ಚಿಗೆಂದು ಸ್ವಲ್ಪ ಹಣವನ್ನೂ ತೆಗೆದುಕೊಂಡಳು.

ಬ್ಯಾಂಕು ಉತ್ತರ ಕೊಡದೇ ಹೋಗಿದ್ದರೆ ಏನು ಮಾಡಬೇಕಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಸ್ಪೇನಿನಲ್ಲಿ ಪಾವತಿ ಸೇವೆಗಳಿಗೆ 2018ರ ನವೆಂಬರಿನಲ್ಲಿ ಬಂದ ಕಾನೂನೊಂದಿದೆ, ಐರೋಪ್ಯ ಒಕ್ಕೂಟದ ನಿರ್ದೇಶನದಂತೆ ಮಾಡಿದ್ದು. ಭದ್ರತೆಯ ಕಾರಣಕ್ಕೆ ಕಾರ್ಡು ತಡೆಯುವ ಹಕ್ಕು ಬ್ಯಾಂಕಿಗೆ ಇದೆ. ಆದರೆ ತಡೆದದ್ದನ್ನೂ ಅದರ ಕಾರಣವನ್ನೂ ಗ್ರಾಹಕರಿಗೆ ಸಾಧ್ಯವಾದರೆ ಮೊದಲೇ, ಇಲ್ಲವಾದರೆ ತಡೆದ ತಕ್ಷಣ ಹೇಳಬೇಕು. ಹೇಳುವುದರಿಂದಲೇ ಭದ್ರತೆಗೆ ಧಕ್ಕೆಯಾಗುವಂತಿದ್ದರೆ ಮಾತ್ರ ವಿನಾಯಿತಿ. ಕಾರಣ ತೀರಿದ ಮೇಲೆ ತಡೆ ತೆಗೆಯಬೇಕು, ಇಲ್ಲವೇ ಹೊಸ ಕಾರ್ಡು ಕೊಡಬೇಕು. ಸಂದೇಶಕ್ಕೆ ಉತ್ತರ ಬಾರದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಲಿಖಿತ ದೂರು ಕೊಡಬಹುದು. ಪಾವತಿಗೆ ಸಂಬಂಧಿಸಿದ ದೂರಿಗೆ ಸಾಮಾನ್ಯವಾಗಿ 15 ಕೆಲಸದ ದಿನಗಳಲ್ಲಿ ಉತ್ತರಿಸಬೇಕು. ಅದೂ ಆಗದಿದ್ದರೆ ಬಾಂಕೊ ದೆ ಎಸ್ಪಾನ್ಯಾ, ಅಂದರೆ ಅಲ್ಲಿನ ಕೇಂದ್ರ ಬ್ಯಾಂಕಿನ ಬಳಿಗೆ ಹೋಗಬಹುದು. ಇಲ್ಲೂ ಒಂದು ಪದದ ತೊಡಕಿದೆ. ದಿನನಿತ್ಯದ ಸಹಾಯ ವಿಭಾಗಕ್ಕೂ ಕಾನೂನು ಹೇಳುವ ದೂರು ವಿಭಾಗಕ್ಕೂ ಹೆಸರು ಹೆಚ್ಚುಕಡಿಮೆ ಒಂದೇ, ಅತೆನ್ಸಿಯೋನ್ ಅಲ್ ಕ್ಲಿಯೆಂತೆ. ಆ್ಯಪಿನ ಪೆಟ್ಟಿಗೆಯಲ್ಲಿ ಹತ್ತು ಸಲ ಬರೆದರೂ ಅದು ದೂರು ಎಂದು ದಾಖಲಾಗದೇ ಇರಬಹುದು. ರೆಕ್ಲಮಾಸಿಯೋನ್ ಎಂಬ ಪದ ಬಳಸಿ, ದೂರು ವಿಭಾಗದ ವಿಳಾಸಕ್ಕೇ ಕಳುಹಿಸಿ, ಕಳುಹಿಸಿದ ದಿನಾಂಕಕ್ಕೆ ಸಾಕ್ಷಿ ಇಟ್ಟುಕೊಳ್ಳಬೇಕು. ಇವಳಿಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಹೊಸ ಕಾರ್ಡು ಅಂಚೆಯಲ್ಲಿ ಬರುತ್ತದೆ ಎಂದರು. ವಿಳಾಸ ಸರಿಯಿದೆಯೇ ಎಂದು ಕೇಳಿದೆ, ಸರಿಯಿತ್ತು. ಟಪ್ಪಾಲಿನ ಡಬ್ಬಿಯ ಮೇಲೆ ನಿನ್ನ ಹೆಸರಿದೆಯೇ ಎಂದು ಕೇಳಿದೆ, ಇರಲಿಲ್ಲ. ಅಲ್ಲಿ ಕಟ್ಟಡದ ಕೆಳಗೆ ಸಾಲಾಗಿ ಡಬ್ಬಿಗಳಿರುತ್ತವೆ, ಬುಥೋನ್ ಎನ್ನುತ್ತಾರೆ. ಹೆಸರಿಲ್ಲದಿದ್ದರೆ ಅಂಚೆಯವರು ಕಾಗದವನ್ನು ಹಿಂದಕ್ಕೆ ಒಯ್ಯುವುದುಂಟು. ಮನೆ ಒಡತಿಯ ಹೆಸರಿನ ಕೆಳಗೆ ತನ್ನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿದಳು. ಎಂಟನೆಯ ದಿನ ಲಕೋಟೆ ಬಂತು.

ಬಾಡಿಗೆ, ಕರೆಂಟು ಬಿಲ್ಲು ನೇರ ಖಾತೆಯಿಂದ ಹೋಗುವಂಥವು, ಕಾರ್ಡು ಬದಲಾದರೂ ಅವಕ್ಕೇನೂ ಆಗಲಿಲ್ಲ. ಫೋನಿನ ತಿಂಗಳ ಪ್ಲಾನು ಮಾತ್ರ ಹಳೆಯ ಕಾರ್ಡಿನ ಸಂಖ್ಯೆಗೆ ಕಟ್ಟಿಕೊಂಡಿತ್ತು. ನವೆಂಬರ್ 1ರಂದು ಅದರಿಂದ ಒಂದು ಮೆಸೇಜು ಬಂತು, ಪಾವತಿ ದೆನೆಗಾದೊ ಎಂದು. ಈ ಸಲ ಅವಳು ನನಗೆ ಫೋನು ಮಾಡಲಿಲ್ಲ. ಮೆಸೇಜಿನ ಲಿಂಕನ್ನು ಬಿಟ್ಟು ಫೋನ್ ಕಂಪನಿಯ ಆ್ಯಪನ್ನು ತಾನೇ ತೆರೆದಳು, ಅಲ್ಲೂ ಅದೇ ಸಾಲಿತ್ತು, ಹೊಸ ಕಾರ್ಡಿನ ಸಂಖ್ಯೆ ಸೇರಿಸಿದಳು. ಆಮೇಲೆ ನನಗೆ ಬರೆದದ್ದು ಒಂದೇ ಸಾಲು: "ದೊಡ್ಡಮ್ಮ, 9,90 ಹೋಯಿತು. ಒಂಬತ್ತು ಯೂರೋ ತೊಂಬತ್ತು ಸೆಂಟು. ನಾನೇ ಕಟ್ಟಿದೆ."